ಮಾಡಿನ ಲೆಕ್ಕ, ಮಳೆಯ ಲೆಕ್ಕ

ನಕ್ಷೆ ಬರೆಯುವವರು ಮನೆಯನ್ನು ಆಕಾಶದಿಂದ ನೋಡುತ್ತಾರೆ. ಹೆಂಚು ಹೊದಿಸುವವರು ಮಾಡಿನ ಮೇಲೆಯೇ ಕೂತು ನೋಡುತ್ತಾರೆ. ಆಕಾಶಕ್ಕೆ ಓರೆ ಕಾಣುವುದಿಲ್ಲ. ಜಗಳ ಅಲ್ಲಿಂದ ಶುರು.

ನಮ್ಮ ಮಲೆನಾಡಿನ ಯಜಮಾನರೊಬ್ಬರು 40ಕ್ಕೆ 30 ಅಡಿಯ ಮನೆಗೆ ಮಂಗಳೂರು ಹೆಂಚು ತರಿಸಲು ಹೊರಟರು. "ಸಾವಿರದಿನ್ನೂರು ಚದರಡಿಗೆ ಸಾಕಲ್ಲ, ಆಚಾರ್ರೇ?" ಆಚಾರ್ರ ಬಾಯಲ್ಲಿ ಎಲೆಅಡಿಕೆ ಇದ್ದುದರಿಂದ ಉತ್ತರ ತಡವಾಯಿತು. "ಸಾಕು ಅಯ್ಯಾ, ಸೂರು ಬ್ಯಾಡ ಅಂದ್ರೆ."

ಸೂರನ್ನು ಮರೆಯುವವರೇ ಹೆಚ್ಚು. ಗೋಡೆಯಿಂದ ಸುತ್ತಲೂ ಎರಡೂವರೆ ಅಡಿ ಸೂರು ಇಳಿಬಿಟ್ಟರೆ ನಕ್ಷೆಯ ಅಳತೆ 45ಕ್ಕೆ 35 ಆಗುತ್ತದೆ, ಅಂದರೆ 1575 ಚದರಡಿ. ಓರೆಯ ಲೆಕ್ಕ ಇನ್ನೂ ಶುರುವಾಗಿಯೇ ಇಲ್ಲ, ಆಗಲೇ ಕಾಲು ಭಾಗಕ್ಕಿಂತ ಹೆಚ್ಚು ಏರಿಬಿಟ್ಟಿತು. ಈ ಎರಡೂವರೆ ಅಡಿಯನ್ನು ನೆಲದ ಮೇಲೆ ಅಳೆಯಬೇಕು, ಪಕ್ಕಾಸಿನ ಉದ್ದಕ್ಕಲ್ಲ.

ಈಗ ಓರೆ. ಮಾಡಿನ ಕೋನ 30 ಡಿಗ್ರಿ ಎನ್ನಿ. ಶಾಲೆಯಲ್ಲಿ ನಮ್ಮನ್ನು ಅಳಿಸಿದ ಕೊಸೈನು ಇಲ್ಲಿ ಕೂಲಿಗೆ ಬರುತ್ತದೆ: ನಕ್ಷೆಯ ವಿಸ್ತೀರ್ಣವನ್ನು ಕೋನದ ಕೊಸೈನಿನಿಂದ ಭಾಗಿಸಿದರೆ ಮಾಡಿನ ನಿಜವಾದ ವಿಸ್ತೀರ್ಣ ಸಿಗುತ್ತದೆ. 1575ನ್ನು 0.866ರಿಂದ ಭಾಗಿಸಿದರೆ ಸುಮಾರು 1819 ಚದರಡಿ. ಆಚಾರ್ರಿಗೆ ಕೊಸೈನು ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ನೆತ್ತಿಯಿಂದ ಸೂರಿನ ತುದಿಗೆ ಟೇಪು ಹಿಡಿದರು, ಇಪ್ಪತ್ತಡಿ ಎರಡಂಗುಲಕ್ಕಿಂತ ತುಸು ಹೆಚ್ಚು. ನೆಲದ ಮೇಲೆ ಅದರ ನೆರಳು ಹದಿನೇಳೂವರೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.155. ಕೊಸೈನನ್ನು ತಲೆಕೆಳಗು ಮಾಡಿದರೂ ಅಷ್ಟೇ.

ಚದರ ಮೀಟರಿಗೆ ಸುಮಾರು ಹದಿನೈದು ಹೆಂಚಿನಂತೆ ಯಜಮಾನರ ಲೆಕ್ಕಕ್ಕೆ 1670 ಹೆಂಚು, ಆಚಾರ್ರ ಲೆಕ್ಕಕ್ಕೆ 2535. ಸಾಗಿಸುವಾಗ ಒಡೆಯುವವು ಬೇರೆ.

ಎರಡು ಇಳಿಜಾರಿನ ಬದಲು ನಾಲ್ಕು ಕಡೆಗೂ ಇಳಿಜಾರು ಇಟ್ಟರೆ ಹೆಂಚು ಹೆಚ್ಚು ಬೇಕೆಂದು ಬಹಳ ಜನ ನಂಬಿದ್ದಾರೆ. ಎಲ್ಲ ಕಡೆಯ ಕೋನ ಒಂದೇ ಆಗಿದ್ದರೆ ವಿಸ್ತೀರ್ಣ ಒಂದು ಚದರಡಿಯೂ ಬದಲಾಗುವುದಿಲ್ಲ. ಮೂಲೆಗಳಲ್ಲಿ ಕತ್ತರಿಸಿದ ಹೆಂಚು ಹಾಳಾಗುವುದಷ್ಟೇ ಹೆಚ್ಚುವರಿ. ಆದರೆ ಮುಂಬದಿ 30, ಹಿಂದಿನ ಕೊಟ್ಟಿಗೆ ಬದಿ 20 ಡಿಗ್ರಿ ಎಂದಾದರೆ ಪ್ರತಿ ಇಳಿಜಾರಿಗೂ ಪ್ರತ್ಯೇಕ ಲೆಕ್ಕ. ಸರಾಸರಿ ಕೋನ ಹಿಡಿಯಬೇಡಿ.

ಇನ್ನು ಮಳೆನೀರಿನ ತೊಟ್ಟಿ ಕಟ್ಟುವವರಿಗೊಂದು ಮಾತು. ಹೆಂಚು ಹೆಚ್ಚು ಬಿತ್ತೆಂದು ನೀರು ಹೆಚ್ಚು ಬೀಳುವುದಿಲ್ಲ. ನೆಟ್ಟಗೆ ಸುರಿಯುವ ಮಳೆಗೂ ಆಕಾಶದ ನೋಟವೇ. ಹಾಗಾಗಿ ತೊಟ್ಟಿಗೆ 1819 ಅಲ್ಲ, ಸೂರು ಸೇರಿದ 1575ನ್ನೇ ಹಿಡಿಯಿರಿ: ನೂರು ಮಿಲಿಮೀಟರ್ ಮಳೆಗೆ ಈ ಮಾಡಿನಿಂದ ಸಿಗುವುದು, ಒಂದು ಹನಿಯೂ ಪೋಲಾಗದಿದ್ದರೆ, ಸುಮಾರು 14,600 ಲೀಟರ್.