ಅಳಿಯನಾಗಿದ್ದ ಖಾತೆ

ನನಗೆ ನಾಲ್ಕು ಬ್ಯಾಂಕುಗಳಲ್ಲಿ ಖಾತೆಗಳಿದ್ದವು. ಕೇಳಿದವರು ಸಾಹುಕಾರ ಅಂದುಕೊಂಡಾರು. ನಾಲ್ಕನ್ನೂ ಕೂಡಿಸಿದರೆ ಒಂದು ಮಿಕ್ಸಿ ಬರುತ್ತಿರಲಿಲ್ಲ. ಕೆಲಸ ಬದಲಿಸಿದಾಗಲೆಲ್ಲ ಹೊಸ ಕಚೇರಿಯವರು ತಮ್ಮ ಬ್ಯಾಂಕಿನಲ್ಲೇ ಸಂಬಳದ ಖಾತೆ ತೆರೆಸಿದರು, ನಾನು ಹಳೆಯದನ್ನು ಮುಚ್ಚದೆ ಬಂದೆ. ನನ್ನ ಸಿರಿವಂತಿಕೆಯ ಗುಟ್ಟು ಇಷ್ಟೇ.

ಸಂಬಳದ ಖಾತೆ ಎಂದರೆ ಹೊಸ ಅಳಿಯನಿದ್ದ ಹಾಗೆ. ಖಾಲಿ ಜೇಬಿನಲ್ಲಿ ಬಂದರೂ ಉಪಚಾರ ಉಂಟು. ಆದರೆ ಸಾಮಾನ್ಯವಾಗಿ ಮೂರು ತಿಂಗಳು ಸಂಬಳ ಬೀಳದಿದ್ದರೆ ಅದು ಸದ್ದಿಲ್ಲದೆ ಮಾಮೂಲಿ ಉಳಿತಾಯ ಖಾತೆಯಾಗುತ್ತದೆ. ಅಳಿಯ ಬಾಡಿಗೆದಾರನಾದ! ನನ್ನ ಒಂದು ಖಾತೆಯಲ್ಲಿ 2,124 ರೂಪಾಯಿ ಇತ್ತು. ಮಿನಿಮಮ್ ಬ್ಯಾಲೆನ್ಸ್ ಇಲ್ಲವೆಂದು ತಿಂಗಳಿಗೆ 300 ದಂಡ, ಅದರ ಮೇಲೆ 18% ಜಿಎಸ್‌ಟಿ 54. ಆರೇ ತಿಂಗಳಲ್ಲಿ ಸೊನ್ನೆ.

ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದ ಭಾವಮೈದುನನ ಮುಂದೆ ಗೋಳಾಡಿದೆ.

“ದಂಡ ಹಾಕುವ ಮುಂಚೆ ತಿಳಿಸಿ ಒಂದು ತಿಂಗಳು ಟೈಮ್ ಕೊಡಬೇಕು ಭಾವ. ನೀವು ಮೊಬೈಲ್ ನಂಬರ್ ಬದಲಿಸಿದ್ದು ಬ್ಯಾಂಕಿಗೆ ಹೇಳಿದ್ರಾ?”

ಹೇಳಿರಲಿಲ್ಲ. “ಹೋಗಲಿ, ಈ ದಂಡದಿಂದ ಖಾತೆ ಸೊನ್ನೆಗಿಂತ ಕೆಳಗಿಳಿಯುವ ಹಾಗಿಲ್ಲ” ಎಂದು ಸಮಾಧಾನ ಮಾಡಿದ.

“ತಿಂಗಳ ಕೊನೆಯ ದಿನ ಹತ್ತು ಸಾವಿರ ತುಂಬಿದ್ದರೆ?”

ನಕ್ಕ. ನೋಡುವುದು ಸರಾಸರಿಯಂತೆ. ಮೂವತ್ತು ದಿನವೂ ದಿನದ ಕೊನೆಗೆ ಉಳಿದ ಹಣವನ್ನು ಕೂಡಿಸಿ ಮೂವತ್ತರಿಂದ ಭಾಗಿಸುತ್ತಾರೆ. 10,000 ಸರಾಸರಿಗೆ ಒಟ್ಟು 3 ಲಕ್ಷ ಆಗಬೇಕು. ಇಪ್ಪತ್ತು ದಿನ 5,000 ಇತ್ತೆನ್ನಿ, ಆದದ್ದು 1 ಲಕ್ಷ. ಉಳಿದ ಹತ್ತು ದಿನ 20,000 ಇಟ್ಟರೆ ಪಾರು.

“ನಿಮಗ್ಯಾಕೆ ಈ ಲೆಕ್ಕ? ದಂಡವೇ ಇಲ್ಲದ ಕಡೆ ಖಾತೆ ಇಟ್ಟುಕೊಳ್ಳಿ” ಎಂದ. ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್‌ನಲ್ಲಿ ಉಳಿತಾಯ ಖಾತೆಗೆ ಈ ದಂಡ ತೆಗೆದುಹಾಕಿದವು. ಆದರೂ ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ, ಎಸ್‌ಎಂಎಸ್ ಶುಲ್ಕ ಎಷ್ಟೆಂದು ತೆರೆಯುವಾಗಲೇ ಕೇಳಬೇಕಂತೆ.

ಇನ್ನೊಂದು ಖಾತೆಯನ್ನು ನಾನು ಮುಟ್ಟಿ ಮೂರು ವರ್ಷ. ಎರಡು ವರ್ಷ ನಾವಾಗಿ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯ. ಬ್ಯಾಂಕೇ ಹಾಕಿದ ಬಡ್ಡಿ, ಕಿತ್ತ ಶುಲ್ಕ ಲೆಕ್ಕಕ್ಕಿಲ್ಲ. 2024ರ ಏಪ್ರಿಲ್‌ನಿಂದ ನಿಷ್ಕ್ರಿಯ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ದಂಡವಿಲ್ಲ, ಮತ್ತೆ ಚಾಲೂ ಮಾಡಲು ಶುಲ್ಕವೂ ಇಲ್ಲ. ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹಾಗೆ ಹೋದದ್ದನ್ನು ಉದ್ಗಮ್ ಪೋರ್ಟಲ್‌ನಲ್ಲಿ ಹುಡುಕಬಹುದು. ಕೇಳಿ ಪಡೆಯುವುದು ಮಾತ್ರ ಅದೇ ಬ್ಯಾಂಕಿನಲ್ಲಿ.

ಈಗ ಎರಡು ಖಾತೆ ಮುಚ್ಚಿಸಿದ್ದೇನೆ. ನೀವೂ ಹೊರಟಿರಾದರೆ ಒಂದು ಮಾತು: ಗ್ಯಾಸ್ ಸಬ್ಸಿಡಿ, ವಿಮೆಯ ಕಂತು ಯಾವ ಖಾತೆಗೆ ಜೋಡಿಸಿದೆ ಎಂದು ಮೊದಲು ನೋಡಿ, ಆಮೇಲೆ ಅರ್ಜಿ ಕೊಡಿ. ನಾನು ಅರ್ಜಿ ಮೊದಲು ಕೊಟ್ಟೆ.