ಮಿಡ್ಲ್ ಬರ್ತಿನ ಉಪಕಾರ

ಕಿರುಗಾವಲಿಗೆ ರೈಲಿಲ್ಲ. ಮಳವಳ್ಳಿ ತಾಲ್ಲೂಕಿನ ಈ ಊರಿನವರು ದೂರದೂರಿಗೆ ರೈಲು ಹತ್ತಬೇಕಾದರೆ ಮೊದಲು ಬಸ್ಸಿನಲ್ಲಿ ಮಂಡ್ಯಕ್ಕೋ ಮದ್ದೂರಿಗೋ ಬರಬೇಕಾಗಿರುವುದರಿಂದ, ಬೋಗಿಯಲ್ಲಿ ಕೂರುವ ಹೊತ್ತಿಗೆ ಅವರ ಬಾಯಿ ಸಾಕಷ್ಟು ಪಳಗಿರುತ್ತದೆ. ಮೈಸೂರಿನಿಂದ ಮಧ್ಯಾಹ್ನ ಹೊರಟು, ಮಂಡ್ಯ, ಬೆಂಗಳೂರು, ಹುಬ್ಬಳ್ಳಿಗಳನ್ನು ಹಾಯ್ದು ಮರುದಿನ ವಿಜಯಪುರ ಮುಟ್ಟುವ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಬೋಗಿ ಇಂಥವರ ಅಧ್ಯಯನಕ್ಕೆ ತಕ್ಕ ಸ್ಥಳ.

ಮಾತು ‘ಯಾವೂರಾಯ್ತು?’ ಎಂಬಲ್ಲಿಂದ ಮೊದಲಾಗುತ್ತದೆ. ಎದುರಿಗೆ ಕುಳಿತವರು ಬನ್ನೂರಿನವರಾದರೆ ಕಿರುಗಾವಲು ಎಂದರೆ ಸಾಕು. ಬೆಂಗಳೂರಿನವರಾದರೆ ಮಳವಳ್ಳಿ ಹತ್ತಿರ ಎನ್ನಬೇಕು. ವಿಜಯಪುರದವರಾದರೆ ‘ಮೈಸೂರು ಕಡೀಯವ್ರೇನ್ರಿ’ ಎಂದು ಅವರೇ ತೀರ್ಮಾನಿಸಿಬಿಡುವುದರಿಂದ ತಲೆಯಾಡಿಸಿದರೆ ಮುಗಿಯಿತು. ಅಲ್ಲಿಂದ ಮಾತು ನಾಲೆಯ ನೀರು, ಕಬ್ಬಿನ ದರ, ಮುದ್ದೆ ಮೇಲೋ ರೊಟ್ಟಿ ಮೇಲೋ ಎಂಬ ಇತ್ಯರ್ಥವಾಗದ ವ್ಯಾಜ್ಯ ಇವುಗಳಿಗೆ ಹೊರಳಿ, ಮದ್ದೂರು ವಡೆ ಮಾರುವವನು ಬಂದಾಗ ಕಾಗದದ ಪೊಟ್ಟಣವೊಂದು ಇಬ್ಬರ ನಡುವೆ ಬಿಚ್ಚಿಕೊಳ್ಳುತ್ತದೆ. ವಡೆ ಹಂಚಿಕೊಂಡವರೊಡನೆ ಮಾತು ಮುರಿಯುವುದು ಕಷ್ಟ. ಬೆಂಗಳೂರು ದಾಟುವಷ್ಟರಲ್ಲಿ ಮಗಳ ಮದುವೆಯ ಖರ್ಚು, ಅಳಿಯನ ಸಂಬಳ ಎಲ್ಲವೂ ಹೊರಬಂದಿರುತ್ತವೆ.

ನಿಜವಾದ ವಿದ್ಯೆ ಇರುವುದು ನಿಲ್ಲಿಸುವುದರಲ್ಲಿ. ಅವಸರಗಾರರು ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡುತ್ತಾರೆ; ಟೀ ಮಾರುವವನ ಕೂಗಿಗೆ ತಟ್ಟನೆ ಕಣ್ಣು ತೆರೆದು ಸಿಕ್ಕಿಬೀಳುತ್ತಾರೆ. ಪಳಗಿದವರು ಎದುರಿನವರ ಕಥೆಯನ್ನೇ ಕೊನೆಮುಟ್ಟಿಸಿ, ತಮ್ಮದನ್ನು ಹೊಸದಾಗಿ ತೆಗೆಯದೆ, ‘ಬೆಳಿಗ್ಗೆ ಎಷ್ಟೊತ್ಗೆ ಇಳೀತೀರಿ?’ ಎಂದು ಕೇಳುತ್ತಾರೆ. ನಾಳೆಯ ಪ್ರಶ್ನೆ ಬಂತೆಂದರೆ ಇಂದಿನ ಮಾತು ಮುಗಿಯಿತೆಂದು ಹೇಳದೆಯೇ ತಿಳಿಯುತ್ತದೆ.

ಅಷ್ಟಕ್ಕೂ ಬಗ್ಗದವರಿಗೆ ರೈಲ್ವೆಯೇ ಒಂದು ಉಪಾಯ ಇಟ್ಟಿದೆ. ಹಗಲಲ್ಲಿ ಬೆನ್ನಿಗೆ ಆನಿಕೆಯಾಗಿರುವ ಹಲಗೆಯೇ ರಾತ್ರಿ ಮೇಲಕ್ಕೆತ್ತಿ ಸರಪಳಿಗೆ ಸಿಕ್ಕಿಸಿದಾಗ ಮಿಡ್ಲ್ ಬರ್ತು, ಅಂದರೆ ನಡುವಿನ ಮಲಗುವ ಜಾಗ, ಆಗುತ್ತದೆ. ಅದನ್ನು ಎತ್ತಿದ ಮೇಲೆ ಕೆಳಗಿನವರು ತಲೆ ನೆಟ್ಟಗೆ ಮಾಡಿ ಕೂರುವಂತಿಲ್ಲ. ಮಲಗುವ ಅವಧಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಎಂದು 2017ರಲ್ಲಿ ನಿಯಮವಾಗಿರುವುದರಿಂದ, ಹತ್ತು ಹೊಡೆದ ಮೇಲೆ ‘ಎತ್ತೋಣ್ವಾ ಸ್ವಾಮಿ?’ ಎಂದು ಯಾರಾದರೂ ಎದ್ದರೆ ಯಾರ ಮನಸ್ಸೂ ನೋಯದೆ ಸಭೆ ಬರಖಾಸ್ತಾಗುತ್ತದೆ.

ಈ ಉಪಕಾರ ಸಿಗದಿರುವುದು ಆರ್‌.ಎ.ಸಿ. ಪ್ರಯಾಣಿಕರಿಗೆ ಮಾತ್ರ. ಒಂದೇ ಸೈಡ್ ಲೋಯರ್ ಬರ್ತನ್ನು ಇಬ್ಬರು ಅಪರಿಚಿತರು ಕೂತು ಹಂಚಿಕೊಳ್ಳಬೇಕಾದ ಈ ಏರ್ಪಾಡಿನಲ್ಲಿ ಎತ್ತುವ ಹಲಗೆಯೂ ಇಲ್ಲ, ಕಾಲು ಚಾಚುವ ಜಾಗವೂ ಇಲ್ಲ, ಟಿ.ಟಿ.ಇ. ಬಂದು ಒಬ್ಬರಿಗೆ ಬೇರೆ ಬರ್ತು ಕೊಡುವ ತನಕ ಅಳಿಯನ ಸಂಬಳವನ್ನು ಎರಡನೆಯ ಸಲ ಕೇಳಿಸಿಕೊಳ್ಳಬೇಕು.