ಮಾಸಿಕ ಕಂತಿನ ಮಹಾತ್ಮೆ

ವಿಮೆಯ ಪ್ರೀಮಿಯಂ ಅನ್ನು ವರ್ಷಕ್ಕೊಂದೇ ಸಲ ಕಟ್ಟಿ ಕೈತೊಳೆದುಕೊಳ್ಳುವ ಜನರ ಬಗ್ಗೆ ನನಗೆ ಅಂಥ ಗೌರವವೇನೂ ಇಲ್ಲ. ಹನ್ನೆರಡು ಸಾವಿರ ರೂಪಾಯಿ ಕೊಟ್ಟು, ರಸೀದಿ ಕಡತಕ್ಕೆ ಸೇರಿಸಿ, ಮುಂದಿನ ವರ್ಷದವರೆಗೆ ಕಂಪನಿಯ ಕಡೆ ತಿರುಗಿಯೂ ನೋಡುವುದಿಲ್ಲ. ಇದೇನು ಸಂಬಂಧ? ಮಾಸಿಕ ಕಂತಿನವರು ಹಾಗಲ್ಲ. ತಿಂಗಳು ತಿಂಗಳೂ ಕಂಪನಿಯನ್ನು ನೆನೆಯುತ್ತಾರೆ, ನೆನೆದದ್ದಕ್ಕೆ ದಕ್ಷಿಣೆಯನ್ನೂ ಇಡುತ್ತಾರೆ.

ದಕ್ಷಿಣೆಯ ಮೊತ್ತವನ್ನು ಕಂಪನಿ ಎಲ್ಲೂ ಬಚ್ಚಿಟ್ಟಿಲ್ಲ. ಟರ್ಮ್ ಪಾಲಿಸಿಯ ಕಾಗದಗಳ ಒಳಪುಟದಲ್ಲಿ, ಯಾರೂ ತೆರೆಯದ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ ಮಾಡಲ್ ಫ್ಯಾಕ್ಟರ್ ಎಂಬ ಪಟ್ಟಿ ಇರುತ್ತದೆ. ಮಾಸಿಕ ಎಂಬುದರ ಎದುರು 0.0875 ಎಂದೋ ಅದರ ಆಸುಪಾಸಿನದೋ ಒಂದು ಸಂಖ್ಯೆ. ವಾರ್ಷಿಕ ಪ್ರೀಮಿಯಂ ಅನ್ನು ಇದರಿಂದ ಗುಣಿಸಿದರೆ ತಿಂಗಳ ಕಂತು. ಒಂದನ್ನು ಹನ್ನೆರಡರಿಂದ ಭಾಗಿಸಿದರೆ 0.0833 ಬರುತ್ತದೆಂದು ಶಾಲೆಯಲ್ಲಿ ಕಲಿತವರು ಇಲ್ಲಿ ತಕರಾರು ತೆಗೆಯಬಾರದು. ಮೇಷ್ಟರು ಕಲಿಸಿದ್ದು ಗಣಿತ, ಇದು ಸೌಕರ್ಯ.

ಹಾಗೆ 12,000 ರೂಪಾಯಿಯ ಪ್ರೀಮಿಯಂ ತಿಂಗಳಿಗೆ 1,050 ಆಗುತ್ತದೆ, ವರ್ಷಕ್ಕೆ 12,600. ಹೆಚ್ಚಿಗೆ ಹೋದದ್ದು 600. "ಬರೀ ಐದು ಪರ್ಸೆಂಟ್ ಸಾರ್, ತಿಂಗಳಿಗೆ ಐವತ್ತು ರೂಪಾಯಿ, ಎರಡು ಕಾಫಿ ದುಡ್ಡು" ಎನ್ನುತ್ತಾರೆ ಏಜೆಂಟರು. ಅವರ ವಿನಯ ದೊಡ್ಡದು. ಕಂಪನಿಯ ಸಾಧನೆಯನ್ನು ಅರ್ಧಕ್ಕಿಂತ ಕಡಿಮೆ ಮಾಡಿ ಹೇಳುತ್ತಿದ್ದಾರೆ.

ಲೆಕ್ಕ ಹೀಗೆ. ವರ್ಷದ ಮೊದಲ ದಿನವೇ 12,000 ಕೊಡಬೇಕಾದವರು ನೀವು. 1,050 ಮಾತ್ರ ಕೊಟ್ಟಿರಿ. ಉಳಿದ 10,950 ರೂಪಾಯಿಯನ್ನು ಕಂಪನಿ ನಿಮಗೆ ಸಾಲ ಕೊಟ್ಟಂತೆ. ಆ ಸಾಲವೂ ವರ್ಷವಿಡೀ ನಿಮ್ಮ ಬಳಿ ಇರುವುದಿಲ್ಲ. ಮುಂದಿನ ತಿಂಗಳು ಒಂದು ಕಂತು ಹೋಯಿತು, ಅದರ ಮುಂದಿನ ತಿಂಗಳು ಇನ್ನೊಂದು, ಹನ್ನೊಂದನೇ ತಿಂಗಳ ಹೊತ್ತಿಗೆ ಪೂರಾ ತೀರಿತು. ವರ್ಷದ ಸರಾಸರಿ ತೆಗೆದರೆ ನಿಮ್ಮ ಕೈಯಲ್ಲಿದ್ದ ಕಂಪನಿಯ ಹಣ ಸುಮಾರು 5,550 ರೂಪಾಯಿ ಮಾತ್ರ. ಅದಕ್ಕೆ 600 ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ. 10.8. ನಮ್ಮ ಊರುಗಳ ಮಾತಿನಲ್ಲಿ ನೂರಕ್ಕೆ ತಿಂಗಳಿಗೆ ತೊಂಬತ್ತು ಪೈಸೆ. ಚಕ್ರಬಡ್ಡಿಯ ಲೆಕ್ಕ ಹಿಡಿದರೆ ಶೇ. 11.3ನ್ನೂ ದಾಟುತ್ತದೆ.

ಇಷ್ಟನ್ನು ವಸೂಲು ಮಾಡಿಯೂ ಬಡ್ಡಿ ಎಂಬ ಮಾತು ಬಾಯಿಗೆ ಬರದಂತೆ ನೋಡಿಕೊಂಡಿರುವುದು ನನ್ನ ಪ್ರಕಾರ ಈ ಪದ್ಧತಿಯ ಸೊಬಗು. ಲೇವಾದೇವಿಯವನು ನೂರಕ್ಕೆ ಇಷ್ಟು ಎಂದು ಮೊದಲೇ ಹೇಳಿ ಊರವರ ಬಾಯಿಗೆ ಬೀಳುತ್ತಾನೆ. ಬ್ಯಾಂಕುಗಳ ಪಾಡು ಇನ್ನೂ ಕಷ್ಟ. ರಿಸರ್ವ್ ಬ್ಯಾಂಕ್ ಹೇಳಿದಂತೆ 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆಲ್ಲ ಶುಲ್ಕವನ್ನೂ ಸೇರಿಸಿ ವಾರ್ಷಿಕ ದರ ಎಷ್ಟೆಂದು ಒಂದು ಹಾಳೆಯಲ್ಲಿ ಬರೆದುಕೊಡಬೇಕು. ಮಾಸಿಕ ಪ್ರೀಮಿಯಂ ಸಾಲವೇ ಅಲ್ಲ, ಆದ್ದರಿಂದ ಅದಕ್ಕೆ ದರವೂ ಇಲ್ಲ, ಹಾಳೆಯೂ ಇಲ್ಲ. ಸರ್ಕಾರವೂ ಇದನ್ನು ಬಹುಕಾಲ ಮೆಚ್ಚಿಕೊಂಡಿತ್ತು. 2025ರ ಸೆಪ್ಟೆಂಬರ್ 22ರಂದು ವೈಯಕ್ತಿಕ ಜೀವವಿಮೆ, ಆರೋಗ್ಯ ವಿಮೆಗಳ ಜಿಎಸ್‌ಟಿ ತೆಗೆಯುವವರೆಗೂ ಟರ್ಮ್ ಪಾಲಿಸಿಯ ಈ ಐವತ್ತು ರೂಪಾಯಿ ಹೆಚ್ಚುವರಿಯ ಮೇಲೂ ಶೇ. 18ರಂತೆ ಒಂಬತ್ತು ರೂಪಾಯಿ ತೆರಿಗೆ ಬೀಳುತ್ತಿತ್ತು.

ಕಂಪನಿಯ ಕಷ್ಟವನ್ನೂ ಕೇಳಬೇಕು. ಹನ್ನೆರಡು ಸಲ ವಸೂಲಿ ಮಾಡಬೇಕು, ಹಣ ತಡವಾಗಿ ಕೈಸೇರುವುದರಿಂದ ಅದನ್ನು ಹೂಡುವುದೂ ತಡ, ನಡುವೆ ಪಾಲಿಸಿ ಬಿಟ್ಟುಹೋಗುವವರೂ ಉಂಟು. ಇವೆಲ್ಲ ಸುಳ್ಳಲ್ಲ. ಬ್ಯಾಂಕ್ ಖಾತೆಯಿಂದ ತಂತಾನೇ ಕಡಿತವಾಗುವ ಈ ಕಾಲದಲ್ಲೂ ವಸೂಲಿಯ ದಣಿವು ಅಷ್ಟೇ ಉಳಿದಿದೆ ಎಂಬುದನ್ನು ಮಾತ್ರ ನಂಬಿಕೆಯಿಂದ ಒಪ್ಪಿಕೊಳ್ಳಬೇಕು.

ಗ್ರಾಹಕನಿಗೆ ಲಾಭವೇ ಇಲ್ಲವೆಂದು ಯಾರೂ ತಿಳಿಯಬಾರದು. ಲಾಭಕ್ಕೆ ಒಂದು ಖಚಿತವಾದ ದಾರಿಯಿದೆ. ಹನ್ನೊಂದು ಕಂತು ಕಟ್ಟಿದಾಗ ಹೋಗಿರುವುದು 11,550, ವಾರ್ಷಿಕಕ್ಕಿಂತ 450 ಕಡಿಮೆ. ಆದ್ದರಿಂದ ಮೊದಲ ವರ್ಷ ಹನ್ನೆರಡನೇ ಕಂತಿಗೆ ಮುಂಚೆ ತೀರಿಕೊಂಡವರು ಗೆದ್ದಂತೆ. ಅವಸರ ಬೇಡ, ಮೊದಲು ಷರತ್ತು ಓದಿ. ಆ ವರ್ಷದ ಉಳಿದ ಕಂತುಗಳನ್ನು ಪರಿಹಾರದಲ್ಲೇ ಮುರಿದುಕೊಳ್ಳುವ ಪಾಲಿಸಿಗಳೂ ಇವೆ. ಆರೋಗ್ಯ ವಿಮೆಯಲ್ಲಂತೂ ಈ ಷರತ್ತು ಮಾಮೂಲು. ಮೂರನೇ ತಿಂಗಳು ಆಸ್ಪತ್ರೆ ಸೇರಿದರೆ, ಮಿಕ್ಕ ಒಂಬತ್ತು ಕಂತೂ ಆ ಕ್ಷಣಕ್ಕೇ ಬಾಕಿಯಾಗಿ ಕ್ಲೇಮಿನ ಹಣದಿಂದ ಕಡಿತವಾಗಬಹುದು. ಸಾಲದ ಅವಧಿ ಮುಗಿದರೂ ಅದರ ಹೆಚ್ಚುವರಿಯನ್ನು ಬಿಡುವ ಮಾತಿಲ್ಲ.

ಸೋಮಾರಿತನಕ್ಕೂ ಇಲ್ಲಿ ಔಷಧಿಯಿದೆ. ಪ್ರೀಮಿಯಂ ತಡವಾದರೆ ವಾರ್ಷಿಕದವರಿಗೆ ಮೂವತ್ತು ದಿನ ರಿಯಾಯಿತಿ, ಮಾಸಿಕದವರಿಗೆ ಹದಿನೈದೇ. ಖಾತೆಯಲ್ಲಿ ಹಣವಿಲ್ಲದೆ ಕಡಿತ ಬೌನ್ಸ್ ಆದರೆ ಬ್ಯಾಂಕ್ ತನ್ನ ದಂಡ ಹಾಕುತ್ತದೆ, ಹದಿನೈದು ದಿನ ಕಳೆದರೆ ಟರ್ಮ್ ಪಾಲಿಸಿ ಲ್ಯಾಪ್ಸ್ ಆಗುತ್ತದೆ. ವರ್ಷಕ್ಕೊಮ್ಮೆ ಕಟ್ಟುವವನಿಗೆ ಮರೆಯುವ ಅವಕಾಶ ಒಂದು, ನಮಗೆ ಹನ್ನೆರಡು.

ಇಪ್ಪತ್ತು ವರ್ಷ ನಿಷ್ಠೆಯಿಂದ ಕಟ್ಟಿದವರ ಹೆಚ್ಚುವರಿ 600 ರೂಪಾಯಿಯ ಲೆಕ್ಕದಲ್ಲಿ 12,000. ಅಂದರೆ ಇಪ್ಪತ್ತು ವರ್ಷದ ರಕ್ಷಣೆಗೆ ಇಪ್ಪತ್ತೊಂದು ವರ್ಷದ ಪ್ರೀಮಿಯಂ. ಮದುವೆ ಮುಯ್ಯಿಗೂ ನಾವು ಮೇಲೊಂದು ರೂಪಾಯಿ ಇಡುವವರಲ್ಲವೇ?

ಈ ಉತ್ಸಾಹದ ನಡುವೆ ಎಲ್‌ಐಸಿ ನನಗೆ ಸ್ವಲ್ಪ ನಿರಾಸೆ ತಂದಿದೆ. ಅದರ ಅನೇಕ ಎಂಡೋಮೆಂಟ್ ಪಾಲಿಸಿಗಳಲ್ಲಿ ಮಾಸಿಕಕ್ಕೆ ಹೆಚ್ಚುವರಿ ಎಂಬುದಿಲ್ಲ, ವಾರ್ಷಿಕಕ್ಕೆ ಶೇ. 2 ರಿಯಾಯಿತಿ ಇದೆ. ತಿಂಗಳಿಗೆ 1,000 ಕಟ್ಟುವವನು ವರ್ಷಕ್ಕಾದರೆ 11,760 ಕಟ್ಟಿದರೆ ಸಾಕು. ಇದರೊಳಗಿನ ಬಡ್ಡಿ ಶೇ. 4.5ರ ಹತ್ತಿರ ಮಾತ್ರ. ಇಷ್ಟು ಅಗ್ಗದ ಸಾಲ ಬ್ಯಾಂಕಿನಲ್ಲೂ ಸಿಗದು. ಇಲ್ಲಿ ತಿಂಗಳ ಕಂತೇ ಜಾಣತನವಾಗಿಬಿಡುತ್ತದೆ. ಕೈಯಲ್ಲಿ 12,000 ಇಲ್ಲದೆ ಕ್ರೆಡಿಟ್ ಕಾರ್ಡಿನ ಬಾಕಿ ಹೊತ್ತವರಿಗಾದರೆ ತೊಂಬತ್ತು ಪೈಸೆಯ ಬಡ್ಡಿಯೂ ಅಗ್ಗವೇ. ಇಂಥ ಅಪವಾದಗಳಿಂದ ಭಕ್ತರು ಎದೆಗುಂದಬಾರದು.

ದೊಡ್ಡ ಅಪಾಯ ಬೇರೆ ಇದೆ. ಕೆಲವರು ಈ ವರ್ಷ ತಿಂಗಳ ಕಂತು ಕಟ್ಟುತ್ತಲೇ ಬ್ಯಾಂಕಿನಲ್ಲಿ ತಿಂಗಳಿಗೆ ಸಾವಿರದ ಆರ್‌ಡಿ ಶುರುಮಾಡಿ, ಮುಂದಿನ ವರ್ಷಕ್ಕೆ ಇಡೀ ಮೊತ್ತ ಜೋಡಿಸಿಕೊಂಡು, ಪಾಲಿಸಿಯ ವಾರ್ಷಿಕ ದಿನಕ್ಕೆ ಮುಂಚೆ ಶಾಖೆಗೆ ಅರ್ಜಿ ಕೊಟ್ಟು ವಾರ್ಷಿಕಕ್ಕೆ ಬದಲಾಗಿಬಿಡುತ್ತಾರೆ. ಆಮೇಲೂ ಅವರ ಕೈಯಿಂದ ತಿಂಗಳಿಗೆ ಹೋಗುವುದು ಅದೇ ಸಾವಿರ, ಆದರೆ ಬಡ್ಡಿ ಬರುವುದು ಅವರ ಕಡೆಗೆ. ಇಂಥವರ ಸಹವಾಸ ಬೇಡ.

ನೀವು ಯಾವ ಕಡೆಯವರೆಂದು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ತಿಂಗಳ ಕಂತನ್ನು ಹನ್ನೆರಡರಿಂದ ಗುಣಿಸಿ, ವಾರ್ಷಿಕ ಪ್ರೀಮಿಯಂ ಕಳೆಯಿರಿ. ಉಳಿದದ್ದು ವಾರ್ಷಿಕದ ಶೇಕಡಾ ಎಷ್ಟೋ ಅದರ ಎರಡರಷ್ಟಕ್ಕಿಂತ ತುಸು ಹೆಚ್ಚೇ ನೀವು ತೆರುತ್ತಿರುವ ಬಡ್ಡಿ ದರ. ಅದು ಆರ್‌ಡಿಯ ಬಡ್ಡಿಗಿಂತ ಕಡಿಮೆಯಿದ್ದರೆ ಇದ್ದ ಹಾಗೇ ಇರಿ. ಹೆಚ್ಚಿದ್ದೂ ಬದಲಾಯಿಸಲು ಮನಸ್ಸಿಲ್ಲದವರು ಮುಂದಿನ ಕಡಿತದ ದಿನ ಖಾತೆಯಲ್ಲಿ 1,050 ರೂಪಾಯಿ ಇರುವಂತೆ ನೋಡಿಕೊಳ್ಳಿ.